ನುಚ್ಚಕ್ಕಿ ಅಗ್ಗವಾದರೆ ಜನ ಕಡಿಮೆ ಕೊಳ್ಳುತ್ತಾರಾ?

ಕೆಳದರ್ಜೆಯ ಸರಕು ಅಂದ ಕೂಡಲೇ ಬೆಲೆ ಇಳಿದರೆ ಖರೀದಿ ಏರುತ್ತದೆ ಎಂಬ ಬೇಡಿಕೆಯ ನಿಯಮ ಅಲ್ಲಿ ತಲೆಕೆಳಗಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳು ಬಹಳ. ಇದು ತಪ್ಪು. ಲೆಕ್ಕ ಹಾಕಿ ನೋಡಿದರೆ ಎಷ್ಟು ದೊಡ್ಡ ತಪ್ಪು ಅನ್ನುವುದು ಕಾಣುತ್ತದೆ.

ಮೊದಲು ಒಂದು ಮಾತು. ಇಲ್ಲಿ ಕೆಳದರ್ಜೆ ಅಂದರೆ ಕಳಪೆ ಮಾಲು ಅಂತಲ್ಲ. ಕೈಯಲ್ಲಿ ದುಡ್ಡು ಹೆಚ್ಚಾದಾಗ ಒಂದು ಮನೆಯವರು ಯಾವುದನ್ನು ಕಡಿಮೆ ಕೊಳ್ಳುತ್ತಾರೋ ಅದು ಆ ಮನೆಗೆ, ಆ ಆದಾಯದ ಮಟ್ಟದಲ್ಲಿ, ಕೆಳದರ್ಜೆಯ ಸರಕು. ಅಷ್ಟೇ.

ತಿಂಗಳಿಗೆ 12,000 ರೂಪಾಯಿ ಆದಾಯದ ಒಂದು ಮನೆ ಇದೆ ಅಂದುಕೊಳ್ಳಿ. ಕಿಲೋಗೆ 30 ರೂಪಾಯಿಯಂತೆ 20 ಕಿಲೋ ನುಚ್ಚಕ್ಕಿ ತರುತ್ತಾರೆ, ಜೊತೆಗೆ 60 ರೂಪಾಯಿಯ ಸೋನಾ ಮಸೂರಿಯನ್ನೂ ಸ್ವಲ್ಪ. ಈಗ ನುಚ್ಚಕ್ಕಿ 25 ರೂಪಾಯಿಗೆ ಇಳಿಯಿತು. ಹಳೆಯ 20 ಕಿಲೋ ಮೇಲೆ ಕಿಲೋಗೆ 5 ರೂಪಾಯಿಯಂತೆ 100 ರೂಪಾಯಿ ಉಳಿಯಿತು. ಬೆಲೆ ಇಳಿದದ್ದು ಎರಡು ಕೆಲಸ ಒಟ್ಟಿಗೆ ಮಾಡಿದೆ: ಸೋನಾ ಮಸೂರಿಯ ಪಕ್ಕದಲ್ಲಿ ನುಚ್ಚಕ್ಕಿಯನ್ನು ಇನ್ನಷ್ಟು ಅಗ್ಗ ಮಾಡಿದೆ, ಮನೆಯವರನ್ನು 100 ರೂಪಾಯಿಯಷ್ಟು ಸ್ಥಿತಿವಂತರನ್ನಾಗಿಯೂ ಮಾಡಿದೆ.

ಇವೆರಡನ್ನು ಬಿಡಿಸಲು ಅರ್ಥಶಾಸ್ತ್ರಜ್ಞ ಸ್ಲಟ್‌ಸ್ಕಿ 1915ರಲ್ಲಿ ತೋರಿಸಿದ ದಾರಿ ಸರಳ. ಆ 100 ರೂಪಾಯಿಯನ್ನು ಮನಸ್ಸಿನಲ್ಲೇ ಕಿತ್ತುಕೊಳ್ಳಿ. ಈಗ 11,900 ರೂಪಾಯಿ ಇದೆ, ಹೊಸ ಬೆಲೆಗೆ ಹಳೆಯ ಸಾಮಾನನ್ನೆಲ್ಲ ಸರಿಯಾಗಿ ಕೊಳ್ಳಬಹುದು, ಒಂದು ಪೈಸೆಯೂ ಮಿಗುವುದಿಲ್ಲ. ಆದರೂ ಅವರು 3 ಕಿಲೋ ಸೋನಾ ಮಸೂರಿ ಬಿಟ್ಟು 3 ಕಿಲೋ ನುಚ್ಚಕ್ಕಿ ಹೆಚ್ಚು ತಂದರು ಅನ್ನೋಣ. 180 ರೂಪಾಯಿ ಉಳಿಸಿ 75 ಖರ್ಚು ಮಾಡಿದಂತಾಯಿತು. ಉಳಿದ 105 ಹಾಲು, ತರಕಾರಿಗೆ ಹೋಯಿತು. ನುಚ್ಚಕ್ಕಿ 20ರಿಂದ 23 ಕಿಲೋಗೆ ಏರಿದ್ದೇ ಬದಲಿ ಪರಿಣಾಮ. ಬೆಲೆ ಇಳಿದಾಗ ಇದು ಯಾವತ್ತೂ ಖರೀದಿಯನ್ನು ತಗ್ಗಿಸುವುದಿಲ್ಲ, ಸರಕು ಎಂಥದ್ದೇ ಆಗಿರಲಿ.

ಈಗ ಕಿತ್ತುಕೊಂಡ 100 ರೂಪಾಯಿಯನ್ನು ವಾಪಸ್ ಕೊಡಿ. ಆದಾಯ ಶೇ. 0.84 ಏರಿತು. ಆದಾಯ ಶೇ. 1 ಏರಿದರೆ ಈ ಮನೆ ನುಚ್ಚಕ್ಕಿಯನ್ನು ಶೇ. 0.6 ಕಡಿಮೆ ಮಾಡುತ್ತದೆ ಅಂದುಕೊಂಡರೆ, 23 ಕಿಲೋದಲ್ಲಿ ಕಡಿಮೆಯಾಗುವುದು ಸುಮಾರು 115 ಗ್ರಾಂ. ಇದು ಆದಾಯ ಪರಿಣಾಮ. ಒಂದು ಕಡೆ 3 ಕಿಲೋ ಏರಿಕೆ, ಇನ್ನೊಂದು ಕಡೆ ಒಂದು ಹಿಡಿ ಇಳಿಕೆ! ನುಚ್ಚಕ್ಕಿ ಖಂಡಿತ ಕೆಳದರ್ಜೆಯ ಸರಕೇ, ಆದರೂ ಬೆಲೆ ಇಳಿದಾಗ ಹೆಚ್ಚೇ ಮಾರಾಟವಾಯಿತು.

ನಿಯಮ ಮುರಿಯಬೇಕಾದರೆ ಆ 100 ರೂಪಾಯಿ 3 ಕಿಲೋಗಿಂತ ಹೆಚ್ಚು ನುಚ್ಚಕ್ಕಿಯನ್ನು ಅಡುಗೆಮನೆಯಿಂದ ಓಡಿಸಬೇಕು. ಅಂದರೆ ಆದಾಯ ಶೇ. 1 ಏರಿದರೆ ನುಚ್ಚಕ್ಕಿ ಶೇ. 15ಕ್ಕೂ ಹೆಚ್ಚು ಇಳಿಯಬೇಕು. ಯಾವ ಮನೆಯೂ ಹಾಗೆ ನಡೆದುಕೊಳ್ಳುವುದಿಲ್ಲ. ಕಾರಣ ಇಷ್ಟೇ: ನುಚ್ಚಕ್ಕಿಗೆ ಹೋಗುವುದು ಆದಾಯದ ಶೇ. 5 ಮಾತ್ರ, ಹಾಗಾಗಿ ಅದು ಅಗ್ಗವಾದಾಗ ಮನೆ ಶ್ರೀಮಂತವಾಗುವುದೂ ಅಷ್ಟರಲ್ಲೇ. ಜೊತೆಗೆ, ಬದಲಾಯಿಸಿಕೊಳ್ಳಲು ಪಕ್ಕದಲ್ಲೇ ಇನ್ನೊಂದು ಅಕ್ಕಿ ಇದೆ.

ಹಾಗಾದರೆ ಮುರಿಯುವುದು ಯಾವಾಗ? ಈ ಎರಡೂ ತಿರುಗಿದಾಗ. ಊಟಕ್ಕೆ 1,000 ರೂಪಾಯಿ ಮಾತ್ರ ಇರುವ ಮನೆ, ಹೊಟ್ಟೆ ತುಂಬಲು 40 ಕಿಲೋ ಧಾನ್ಯ ಬೇಕೇ ಬೇಕು. ನುಚ್ಚಕ್ಕಿ 20, ಒಳ್ಳೆ ಅಕ್ಕಿ 60. ಸಾಲುವುದು 35 ಕಿಲೋ ನುಚ್ಚಕ್ಕಿ, 5 ಕಿಲೋ ಒಳ್ಳೆ ಅಕ್ಕಿ. ನುಚ್ಚಕ್ಕಿ 15ಕ್ಕೆ ಇಳಿದಾಗ ಉಳಿಯುವ 175 ರೂಪಾಯಿ ಕಿತ್ತುಕೊಂಡು ನೋಡಿ: 825 ರೂಪಾಯಿಗೆ 40 ಕಿಲೋ ತುಂಬಿಸಲು ಮತ್ತೆ ಅದೇ 35 ಮತ್ತು 5. ಹೊಟ್ಟೆಯ ಲೆಕ್ಕ ಕೈ ಕಟ್ಟಿಹಾಕಿದೆ, ಬದಲಿ ಪರಿಣಾಮ ಸೊನ್ನೆ. 175 ವಾಪಸ್ ಕೊಟ್ಟರೆ ಒಳ್ಳೆ ಅಕ್ಕಿ 8.9 ಕಿಲೋಗೆ ಏರುತ್ತದೆ, ನುಚ್ಚಕ್ಕಿ 31.1ಕ್ಕೆ ಇಳಿಯುತ್ತದೆ. ಇದೇ ಗಿಫೆನ್ ಸರಕು. (1840ರ ದಶಕದ ಐರ್ಲೆಂಡ್ ಬರಗಾಲದ ಆಲೂಗಡ್ಡೆಯನ್ನು ಇದಕ್ಕೆ ಉದಾಹರಣೆ ಕೊಡುವುದನ್ನು ದಯವಿಟ್ಟು ನಿಲ್ಲಿಸಬೇಕು. ಬೆಳೆಯೇ ಕೊಳೆತುಹೋಗಿತ್ತು; ಇಲ್ಲದ ಆಲೂಗಡ್ಡೆಯನ್ನು ದೇಶವೆಲ್ಲ ಹೆಚ್ಚು ತಿನ್ನುವುದು ಹೇಗೆ?)

ಅದೇ ಮನೆಯಲ್ಲಿ 700 ರೂಪಾಯಿ ಮಾತ್ರ ಇದ್ದರೆ? 20ರ ಬೆಲೆಗೆ ಬರೀ ನುಚ್ಚಕ್ಕಿ ತಂದರೂ 35 ಕಿಲೋ, ಹೊಟ್ಟೆ ತುಂಬುವುದಿಲ್ಲ. 15ಕ್ಕೆ ಇಳಿದಾಗ 37.8 ಕಿಲೋ ನುಚ್ಚಕ್ಕಿ, 2.2 ಕಿಲೋ ಒಳ್ಳೆ ಅಕ್ಕಿ ತರುತ್ತಾರೆ. ನುಚ್ಚಕ್ಕಿ ಹೆಚ್ಚಾಯಿತು, ನಿಯಮ ಉಳಿಯಿತು. ಗಿಫೆನ್ ನಡೆ ಸಿಗುವುದು ಬಡವರಲ್ಲಿ, ಆದರೆ ಕಡುಬಡವರಲ್ಲಲ್ಲ. ಅರ್ಥಶಾಸ್ತ್ರಜ್ಞರಾದ ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಚೀನಾದ ಹುನಾನ್‌ನಲ್ಲಿ ಬಡ ಮನೆಗಳಿಗೆ ಅಕ್ಕಿ ಅಗ್ಗವಾಗುವಂತೆ ಚೀಟಿ ಕೊಟ್ಟು ನೋಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೀಗೇ ಕಂಡಿತು: ಅಕ್ಕಿ ಅಗ್ಗವಾದಾಗ ತಿನ್ನುವುದು ಕಡಿಮೆಯಾಯಿತು, ಆದರೆ ತೀರಾ ಬಡ ಮನೆಗಳಲ್ಲಿ ಹಾಗಾಗಲಿಲ್ಲ. ಚೀನಾದ ಇನ್ನೊಂದು ಪ್ರಾಂತ್ಯವಾದ ಗಾನ್ಸುವಿನಲ್ಲಿ ಗೋಧಿಯ ಮೇಲೆ ಮಾಡಿದ ಇದೇ ಪ್ರಯೋಗದಲ್ಲಿ ಸಿಕ್ಕ ಪುರಾವೆ ಇನ್ನೂ ದುರ್ಬಲ.