"ನೋಡುವ" ಅಂದವ್ರನ್ನೆಲ್ಲ ಗಿರಾಕಿ ಲೆಕ್ಕಕ್ಕೆ ಹಾಕಿದ ಕಥೆ

ನಮ್ಮ ಕಾಸರಗೋಡಲ್ಲಿ "ಬೇಡ" ಅಂತ ಮುಖಕ್ಕೆ ಹೇಳುವವ್ರು ಕಡಿಮೆ ಮಾರಾಯ್ರೆ. ಕನ್ನಡದವ್ರು "ನೋಡುವ" ಅಂತಾರೆ, ಮಲಯಾಳದವ್ರು "ನೋಕ್ಕಾಂ" ಅಂತಾರೆ, ತುಳುವಿನವ್ರು "ತೂಕ" ಅಂತಾರೆ, ಮೂರಕ್ಕೂ ಅರ್ಥ ಒಂದೇ. ಇದು ಗೊತ್ತಿದ್ದೂ ಗೊತ್ತಿದ್ದೂ ನಾನು ಹೋದ ಮಳೆಗಾಲದಲ್ಲಿ ಅದನ್ನೆಲ್ಲ "ಆಸಕ್ತಿ ಉಂಟು" ಅಂತ ಬರ್ಕೊಂಡು ಖುಷಿಪಟ್ಟವ.

ಬದಿಯಡ್ಕ ಹತ್ರ ನಮ್ದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಯೂನಿಟ್ ಉಂಟು. ಆಟಿ ತಿಂಗಳು ಕಳೆದ ಮೇಲೆ ಮದುವೆ ಸೀಸನ್ ಸುರು ಆಗ್ತದಲ್ಲ, ಅದಕ್ಕೆ ಮೊದ್ಲೇ ಗಿರಾಕಿ ಹಿಡಿಯುವ ಅಂತ ಜೂನ್ ಕೊನೆಗೆ ಮಂಗಳೂರು, ಕಣ್ಣೂರು, ಕೊಚ್ಚಿ, ಬೆಂಗಳೂರು ಕಡೆಯ 180 ಕೇಟರಿಂಗ್‌ನವ್ರಿಗೆ, ಹಾಲ್‌ನವ್ರಿಗೆ ಮೇಲ್ ಹಾಕಿದೆ, ಕೆಲವರಿಗೆ ವಾಟ್ಸಾಪ್. 26 ಉತ್ತರ ಬಂತು. ನಾನು ಕೂತು ಶೀಟಲ್ಲಿ ವಿಂಗಡಿಸಿದೆ: ಆಸಕ್ತಿ 12, "ಆಮೇಲೆ" 7, ತಪ್ಪು ವ್ಯಕ್ತಿ 2, ಬೇಡ 5. ಹನ್ನೆರಡು ಆಸಕ್ತಿ ಅಂದ್ರೆ ಸಣ್ಣದಾ, ಹಾಳೆ ಸಾಲ್ದು ಅಂತ ಇನ್ನೂ ಎರಡು ತೋಟದವ್ರಿಗೆ ಹೇಳಿ ಇಟ್ಟೆ.

ಭಾವ ಬಂದ. ಹದಿನೈದು ವರ್ಷ ಮೆಡಿಕಲ್ ರೆಪ್ ಆಗಿ ಡಾಕ್ಟ್ರ ಬಾಗಿಲು ಕಾದವ. ಶೀಟ್ ನೋಡಿ, "ಭಾವ, ಇದ್ರಲ್ಲಿ ಅವ್ರು ಎಂತ ಹೇಳಿದ್ದು ಅಂತ ಎಲ್ಲಿ ಉಂಟು? ನಿಂಗೆ ಎಂತ ಅನ್ನಿಸಿತು ಅಂತ ಮಾತ್ರ ಉಂಟಲ್ಲ" ಅಂದ. ಸರಿಯೇ, ನಾನು ಅವ್ರ ಮಾತನ್ನು ಬರ್ದೇ ಇರ್ಲಿಲ್ಲ. ಮತ್ತೆ ಒಂದೊಂದೇ ಉತ್ತರ ತೆಗೆದು, ಇದ್ದ ಹಾಗೇ ಕಾಪಿ ಮಾಡಿ ಒಂದು ಕಾಲಮ್‌ಗೆ ಹಾಕಿದೆ, ಪಕ್ಕದಲ್ಲಿ "ಮುಂದಿನ ಕೆಲಸ" ಮತ್ತೆ "ತಾರೀಕು" ಅಂತ ಎರಡು ಕಾಲಮ್. ಭಾವನ ಲೆಕ್ಕ ಇಷ್ಟೇ, ನಾಳೆ ನಾನು ಎಂತ ಮಾಡ್ಬೇಕು ಅಂತ ಆ ಉತ್ತರ ಓದಿದ್ರೆ ಗೊತ್ತಾಗ್ಬೇಕು, ಆ ಕೆಲಸ ನೋಡಿ ಯಾವ ಗುಂಪು ಅಂತ ಹೇಳ್ಬೇಕು, ಮಾತು ಸಿಹಿ ಉಂಟಾ ಖಾರ ಉಂಟಾ ಅಂತ ನೋಡ್ಲಿಕ್ಕೆ ಹೋಗ್ಬಾರ್ದು. ಹಾಗೆ ಮಾಡಿದಾಗ ಆಸಕ್ತಿ ನಾಲ್ಕಕ್ಕೆ ಇಳಿಯಿತು. "ಆಮೇಲೆ" 3, ತಪ್ಪು ವ್ಯಕ್ತಿ 6, ಆಕ್ಷೇಪ 7. ಉಳಿದ ಆರರಲ್ಲಿ ನಾಲ್ಕು ಮರ್ಯಾದೆಯ "ಬೇಡ", ಎರಡು "ಇನ್ನು ಕಳಿಸ್ಬೇಡಿ".

ಆ ಎರಡನ್ನು ಮೊದ್ಲು ಮುಗಿಸ್ತೇನೆ. ಕಳಿಸ್ಬೇಡಿ ಅಂದ್ರೆ ಅದು ಆಕ್ಷೇಪ ಅಲ್ಲ, ಅದಕ್ಕೆ ಸಮಾಧಾನ ಹೇಳ್ಲಿಕ್ಕೆ ಹೋಗ್ಲೇಬಾರ್ದು, ಅದೇ ನಿಮಿಷ ಲಿಸ್ಟಿಂದ ತೆಗೀಬೇಕು. ನಾನು ತೆಗ್ದಿದ್ದೆ, ಆದ್ರೂ ಒಬ್ಬರಿಗೆ ಎರಡನೇ ಮೇಲ್ ಹೋಯ್ತು, ಬೈಸಿಕೊಂಡೆ. ಆದದ್ದೆಂತ ಅಂದ್ರೆ ನಾನು ಮೇಲ್ ಹಾಕಿದ್ದು ಅವ್ರ ಆಫೀಸ್ ಐಡಿಗೆ, ಅವ್ರು ಅದನ್ನು ತನ್ನ ಸ್ವಂತ ಜೀಮೇಲ್‌ಗೆ ಫಾರ್ವರ್ಡ್ ಮಾಡ್ಕೊಂಡು ಅಲ್ಲಿಂದ ಹೊಸ ಮೇಲಾಗಿ ಉತ್ತರ ಬರ್ದಿದ್ದು. ಉತ್ತರ ಬಂದ್ರೆ ಫಾಲೋಅಪ್ ತನ್ನಷ್ಟಕ್ಕೆ ನಿಲ್ತದೆ ಅಂತ ಮೇಲ್ ಕಳಿಸುವ ನನ್ನ ಟೂಲ್ ಹೇಳ್ತದೆ, ಆದ್ರೆ ಅದು ಹುಡುಕುವುದು ಅದೇ ಐಡಿಯಿಂದ, ಅದೇ ಥ್ರೆಡ್‌ನಲ್ಲಿ ಬಂದ ಉತ್ತರವನ್ನು. ನಾನು ಜೀಮೇಲ್ ಐಡಿ ತೆಗ್ದೆ, ಆಫೀಸ್ ಐಡಿ ಹಾಗೇ ಉಳೀತು, ನಾಲ್ಕನೇ ದಿನ ಬೆಳಿಗ್ಗೆ ಒಂಬತ್ತಕ್ಕೆ "ನನ್ನ ಮೊದಲ ಮೇಲ್ ನೋಡಿದ್ರಾ ಸರ್" ಅಂತ ಹೋಯ್ತು. ಈಗ ಬೇರೆ ಐಡಿಯಿಂದ ಉತ್ತರ ಬಂದ್ರೆ, ನಾನು ಯಾವ ಐಡಿಗೆ ಕಳಿಸಿದ್ದು ಅಂತ ಹುಡುಕಿ ಅದನ್ನು ಕೈಯಾರೆ ನಿಲ್ಲಿಸ್ತೇನೆ.

ಆಸಕ್ತಿ ಅಂದ್ರೆ ಎಂತ ಅಂತ ನಂಗೆ ಗೊತ್ತಾದದ್ದು ಒಂದು ವ್ಯಾಪಾರ ತಪ್ಪಿದ ಮೇಲೆ. "ತುಂಬಾ ಒಳ್ಳೆ ಪ್ರಾಡಕ್ಟ್, ಪರಿಸರಕ್ಕೆ ಒಳ್ಳೇದು, ಡೀಟೇಲ್ಸ್ ಕಳಿಸಿ" ಅಂತ ಬಂದವೆಲ್ಲ ನನ್ನ ಹನ್ನೆರಡರಲ್ಲಿ ಇದ್ದವು. ಅದೇ ಉಪ್ಪಳದ ಒಬ್ರು ನಮಸ್ಕಾರವೂ ಇಲ್ಲದೆ "10 ಇಂಚು 500, 14ನೇ ತಾರೀಕಿಗೆ ಸಿಗ್ತದಾ" ಅಂತ ಒಂದೇ ಸಾಲು ಹಾಕಿದ್ರು. ಗಿರಾಕಿ ಅಂದ್ರೆ ಅವ್ರು. ಎಷ್ಟು, ಯಾವಾಗ, ಎಲ್ಲಿಗೆ, ಈ ಮೂರರಲ್ಲಿ ಒಂದಾದ್ರೂ ಬಾಯಿಂದ ಬಂದ್ರೆ ಅಲ್ಲಿ ಒಂದು ಕಾರ್ಯಕ್ರಮ ಉಂಟು ಅಂತ ಅರ್ಥ. ನಾನು ಎಂತ ಮಾಡಿದೆ, ಅವ್ರಿಗೂ 14 ಪೇಜಿನ ಕ್ಯಾಟಲಾಗ್ ಪಿಡಿಎಫ್ ಕಳಿಸಿದೆ, ಅದೂ ಮರುದಿನ ಸಂಜೆ! ಅವ್ರು ಅಷ್ಟೊತ್ತಿಗೆ ಬೇರೆ ಕಡೆ ಹೇಳಿ ಆಗಿತ್ತು. ಬರೀಬೇಕಿದ್ದದ್ದು ಎರಡೇ ಸಾಲು, "ಸಿಗ್ತದೆ, 13ನೇ ತಾರೀಕು ಸಂಜೆ ಉಪ್ಪಳಕ್ಕೆ ತಲುಪಿಸ್ತೇವೆ, ರೇಟ್ ಇಷ್ಟು. ಹಾಲ್‌ಗೆ ತರುವುದಾ, ಮನೆಗಾ?" ಕೇಳಿದ್ದಕ್ಕೆ ಉತ್ತರ, ಮತ್ತೆ ಅವ್ರು ಸುಲಭದಲ್ಲಿ ಉತ್ತರ ಕೊಡುವಂತ ಒಂದು ಪ್ರಶ್ನೆ. ಬರೀ "ಡೀಟೇಲ್ಸ್ ಕಳಿಸಿ" ಅನ್ನುವವ್ರಿಗೆ ಈಗ ಕ್ಯಾಟಲಾಗ್ ಕಳಿಸುವ ಮೊದ್ಲು, "ಸದ್ಯ ಕಾರ್ಯಕ್ರಮ ಉಂಟಾ, ಎಷ್ಟು ಎಲೆ ಊಟ?" ಅಂತ ಕೇಳ್ತೇನೆ. ಉತ್ತರ ಬಂದ್ರೆ ಆಸಕ್ತಿ, ಬರ್ಲಿಲ್ಲ ಅಂದ್ರೆ ಅವ್ರು ಮರ್ಯಾದೆಗೆ ಹೇಳಿದ್ದು.

"ಆಮೇಲೆ" ಅನ್ನುವವ್ರದ್ದು ಸುಲಭ. ಅದಕ್ಕೊಂದು ತಾರೀಕು ಅಂಟಿಕೊಂಡಿದ್ರೆ ಮಾತ್ರ ಅದು ಆಮೇಲೆ. "ಆಟಿ ಕಳೀಲಿ" ಅಂದ್ರೆ ಪಕ್ಕಾ, ಯಾಕಂದ್ರೆ ಆಟಿಯಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಅತ್ತ ಕರ್ಕಿಡಕದಲ್ಲಿ ಮಲಯಾಳದವ್ರಲ್ಲೂ ಇಲ್ಲ, ಆಗಸ್ಟ್ 17ರ ಹೊತ್ತಿಗೆ ಎರಡೂ ಮುಗೀತದೆ. ಅವ್ರಿಗೆ "ಆಯ್ತು, ಆಗಸ್ಟ್ 18ಕ್ಕೆ ಫೋನ್ ಮಾಡ್ತೇನೆ" ಅಂತ ಬರ್ದು ಕ್ಯಾಲೆಂಡರ್‌ಗೆ ಹಾಕಿದೆ, ಮಧ್ಯದಲ್ಲಿ ಹೋಗ್ಲಿಕ್ಕಿದ್ದ ಫಾಲೋಅಪ್ ಎಲ್ಲ ನಿಲ್ಲಿಸಿದೆ. ಬರೀ "ನೋಡುವ" ಅಂದವ್ರಿಗೆ "ಸೋಣ ತಿಂಗಳಲ್ಲಿ ಒಮ್ಮೆ ಕೇಳ್ಬಹುದಾ?" ಅಂತ ನಾನೇ ತಾರೀಕು ಕೊಟ್ಟು ಕೇಳಿದೆ. ಹೂಂ ಅಂದವ್ರು ಉಳಿದ್ರು, ಇಲ್ಲದವ್ರನ್ನು ಮರ್ಯಾದೆಯ ಬೇಡಕ್ಕೆ ಹಾಕಿದೆ.

ತಪ್ಪು ವ್ಯಕ್ತಿ ಅಂತ ನಾನು ಎರಡೇ ಬರ್ದಿದ್ದೆ, ಆಮೇಲೆ ಆರಾಯ್ತು. ಯಾಕಂದ್ರೆ "ನಾನು ಅಡುಗೆ ಕಡೆ ಮಾತ್ರ ನೋಡುವುದು" ಅಂದವ್ರನ್ನು ನಾನು ಬೇಡಕ್ಕೆ ಹಾಕಿದ್ದೆ, "ಇವ್ರು ಈಗ ಇಲ್ಲಿ ಕೆಲಸದಲ್ಲಿಲ್ಲ" ಅಂತ ತನ್ನಷ್ಟಕ್ಕೆ ಬಂದ ಆಟೋ ರಿಪ್ಲೈಯನ್ನು ಪೂರ್ತಿ ಓದದೆ ಆಮೇಲೆಗೆ ಹಾಕಿದ್ದೆ. ಅದರ ಕೊನೇ ಸಾಲಲ್ಲೇ ಪರ್ಚೇಸ್‌ನವ್ರ ಐಡಿ ಇತ್ತು! ಇಲ್ಲಿ ಮಾಡ್ಬೇಕಾದ್ದು, ಹಳಬರಿಗೆ ಹೋಗುವುದನ್ನು ಪೂರ್ತಿ ನಿಲ್ಲಿಸುವುದು, "ಉತ್ತರ ಕೊಟ್ಟದ್ದಕ್ಕೆ ಉಪಕಾರ, ತಟ್ಟೆ ಖರೀದಿ ಯಾರು ನೋಡುವುದು, ಅವ್ರ ಹತ್ರ ನಿಮ್ಮ ಹೆಸ್ರು ಹೇಳ್ಬಹುದಾ" ಅಂತ ಒಂದೇ ಸಲ ಕೇಳುವುದು. ಹೊಸಬರಿಗೆ ಹಳೇ ಮೇಲನ್ನೇ ತಳ್ಳಿದ್ರೆ ಆಗ್ಲಿಕ್ಕಿಲ್ಲ. ಮೊದಲ ಸಾಲಲ್ಲೇ "ನಿಮ್ಮ ಕಿಚನ್‌ನ ಇಂಥವ್ರು ನಿಮ್ಮನ್ನು ಕೇಳ್ಲಿಕ್ಕೆ ಹೇಳಿದ್ರು" ಅಂತ ಹೊಸದಾಗಿ ಬರೀಬೇಕು. ನಂಬರೇ ಬೇರೆ ಯಾರದ್ದೋ ಆಗಿದ್ರೆ ಮಾತ್ರ ಕ್ಷಮಿಸಿ ಅಂತ ಹೇಳಿ ಅಳಿಸಿ ಬಿಡುವುದು, ಅವ್ರ ಹತ್ರ ದಾರಿ ಕೇಳಿ ಎಂತ ಪ್ರಯೋಜನ.

ಇನ್ನು ಆಕ್ಷೇಪ, ನಂಗೆ ಅತಿ ಹೆಚ್ಚು ಕಲಿಸಿದ್ದು ಇದೇ. ಕೊಚ್ಚಿಯವ್ರೊಬ್ರು "ನಿಮ್ಮ ರೇಟ್ ಜಾಸ್ತಿ, ತಮಿಳ್ನಾಡಿನವ್ರು 3.20ಕ್ಕೆ ಕೊಡ್ತಾರೆ" ಅಂದ್ರು, ನಮ್ದು 4.50. ನನ್ನ ಕೈ ಕೂಡ್ಲೇ "ನಾಲ್ಕಕ್ಕೆ ಕೊಡುವ" ಅಂತ ಟೈಪ್ ಮಾಡ್ಲಿಕ್ಕೆ ಹೋಯ್ತು, ಭಾವ ತಡ್ದ. ಇಳಿಸುವ ಮೊದ್ಲು ಹೋಲಿಕೆ ಸರಿ ಉಂಟಾ ಕೇಳು ಅಂದ. ಕೇಳಿದೆ, ಅದು ಎಷ್ಟು ಇಂಚು, ಲಾರಿ ಬಾಡಿಗೆ ಸೇರಿಯಾ ಅಂತ. ಅದು ಫ್ಯಾಕ್ಟರಿ ಬಾಗಿಲಿನ ರೇಟು, ತಟ್ಟೆಯೂ 9 ಇಂಚಿಂದು, ನಾನು ಹೇಳಿದ್ದು ಕೊಚ್ಚಿಗೆ ತಲುಪಿಸಿ 10 ಇಂಚಿಂದು. ಎರಡನ್ನೂ ಒಂದೇ ಅಳತೆಗೆ ತಂದು ಬರ್ದಾಗ ಅಂತರ 35 ಪೈಸೆಗೆ ಬಂತು. ಆ 35 ಪೈಸೆಗೂ ಅವ್ರು ಒಪ್ಪಲಿಲ್ಲ ಅನ್ನುವುದು ಬೇರೆ ವಿಷಯ, ಆದ್ರೆ ನಾನು ಸುಮ್ಮನೆ ಐವತ್ತು ಪೈಸೆ ಕಳ್ಕೊಳ್ಳುವುದು ತಪ್ಪಿತು.

ಎಲ್ಲ ಆಕ್ಷೇಪಕ್ಕೂ ಉತ್ತರ ಇರ್ತದೆ ಅಂತಲ್ಲ. ಬೆಂಗಳೂರಿನ ಒಬ್ರು, ಅವ್ರಿಗೆ ವಿದೇಶಿ ಕಂಪೆನಿಯ ಆಫೀಸಲ್ಲಿ ಊಟ ಹಾಕುವ ಕಾಂಟ್ರಾಕ್ಟ್ ಉಂಟು, "ಅಮೆರಿಕದಲ್ಲಿ ಇದನ್ನು ತಡ್ದಿದ್ದಾರಂತಲ್ಲ" ಅಂತ ಕೇಳಿದ್ರು. 2025ರಲ್ಲಿ ಅಲ್ಲಿ ಆಹಾರ, ಔಷಧದ ಸುರಕ್ಷತೆ ನೋಡುವ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಗೆ ಇಂಪೋರ್ಟ್ ಅಲರ್ಟ್ ಹಾಕಿದ್ದು ನಿಜ, ಅಡಿಕೆಯ ಆಲ್ಕಲಾಯ್ಡ್ ಊಟಕ್ಕೆ ಇಳೀಬಹುದು ಅಂತ ಅವ್ರ ವಾದ. ನಮ್ಮ ಊರಲ್ಲಿ ಎಷ್ಟೋ ಜನಕ್ಕೆ ಇದನ್ನು ಕೇಳಿದ್ರೇ ಸಿಟ್ಟು ಬರ್ತದೆ, ನಂಗೂ ಬಂತು. ಆದ್ರೆ "ಎಲ್ಲ ಸುಳ್ಳು" ಅಂತ ಬರ್ದ್ರೆ ನಾಳೆ ಅವ್ರ ಕಂಪೆನಿ ಗೂಗಲ್ ಮಾಡಿದ್ರೆ ನನ್ನ ಮಾನ ಹೋಗ್ತದೆ. "ಹೌದು ಸರ್, ಅದು ನಿಜ. ನಿಮ್ಮ ಕಂಪೆನಿಯವ್ರು ಆ ರೂಲ್ ಇಲ್ಲಿಯೂ ಪಾಲಿಸುವುದಾದ್ರೆ ನಮ್ಮ ತಟ್ಟೆ ಅವ್ರಿಗೆ ಆಗ್ಲಿಕ್ಕಿಲ್ಲ" ಅಂತ ಬರ್ದು ಮುಗಿಸಿದೆ.

ಒಂದು ಉತ್ತರ ಮಾತ್ರ ಇನ್ನೂ ಓಪನ್ ಉಂಟು. ಮಂಗಳೂರಿನವ್ರದ್ದು, "ನಿಮ್ಮ ಕಡೆಯವ್ರೇ ಹೋದ ವರ್ಷ ಕೊಟ್ಟ ತಟ್ಟೆ ಬೂಸ್ಟು ಹಿಡ್ದು ಅರ್ಧ ಬಿಸಾಡಿದೆ, ಮತ್ತೆ ಬೇಡವೇ ಬೇಡ" ಅಂತ. ನಾನು ಅದನ್ನು ಬೇಡಕ್ಕೆ ಹಾಕಿ ಕಣ್ಣು ಮುಚ್ಚಿದ್ದೆ. ಭಾವ ಓದಿ ನಕ್ಕ, "ಇವ್ರು ತಗೊಳ್ಳುವವ್ರು ಭಾವ, ಮಳೆಗಾಲದಲ್ಲಿಯೂ ತಗೊಳ್ಳುವವ್ರು, ಪೆಟ್ಟು ತಿಂದಿದ್ದಾರೆ ಅಷ್ಟೆ" ಅಂದ. ಬೂಸ್ಟು ಹಿಡಿಯುವುದು ಯಾಕೆ ಅಂತ ನಂಗೆ ಗೊತ್ತುಂಟು, ಹಾಳೆ ಸರಿ ಒಣಗದಿದ್ರೆ, ಇಲ್ಲಾಂದ್ರೆ ಮೆಶಿನಿಂದ ತೆಗ್ದ ತಟ್ಟೆಯನ್ನು ಬಿಸಿ ಇರುವಾಗಲೇ ಪ್ಯಾಕ್ ಮಾಡಿದ್ರೆ, ಕವರಿನ ಒಳಗೆ ಬೆವರಿ ಪಸೆ ನಿಲ್ತದೆ. ಆದ್ರೆ ಈ ಪಾಠ ಅವ್ರಿಗೆ ಬರೀಲಿಲ್ಲ. ಜುಲೈ ತಿಂಗಳ ಜಡಿಮಳೆಗೇ 25ರ ಎರಡು ಕಟ್ಟು ಬಸ್ಸಲ್ಲಿ ಕಳಿಸಿ, "ಇದನ್ನು ನಿಮ್ಮ ಗೋಡೌನಲ್ಲಿ ಮೂರು ವಾರ ಇಡಿ, ದುಡ್ಡು ಬೇಡ, ಬೂಸ್ಟು ಬಂದ್ರೆ ಫೋಟೋ ಹಾಕಿ" ಅಂದೆ. ಶೀಟಲ್ಲಿ ತಾರೀಕು ಹಾಕಿದೆ, ಮೂರು ವಾರ ಆಯ್ತು, ಫೋನ್ ಮಾಡಿದೆ.

"ಬೂಸ್ಟು ಬರ್ಲಿಲ್ಲ, ಆದ್ರೆ ಒಂದು ಕಟ್ಟನ್ನು ಹುಡುಗರು ಊಟಕ್ಕೆ ತೆಗ್ದು ಬಿಟ್ಟಿದ್ದಾರೆ ಮಾರಾಯ, ಇನ್ನೊಂದು ಎರಡು ವಾರ ಇರ್ಲಿ, ನೋಡುವ" ಅಂದ್ರು. ಯಾವ ಗುಂಪಿಗೆ ಹಾಕುವುದು ಅಂತ ಭಾವನಿಗೂ ನಂಗೂ ಇನ್ನೂ ಜಗಳ ಮುಗೀಲಿಲ್ಲ.