ಮೂರು ಹೊತ್ತುಗಳ ಪ್ರಸಂಗ

ತುಮಕೂರಿನ ನಮ್ಮ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಕುಳಿತು, ಡಬ್ಲಿನ್ ನಗರದ ಒಂದು ಕಂಪನಿ ತಯಾರಿಸುವ ಯಂತ್ರಗಳಿಗೆ ಬಳಕೆಯ ಕೈಪಿಡಿ ಬರೆದುಕೊಡುವುದು ನನ್ನ ಕಸುಬು. ಕೈಪಿಡಿಯಲ್ಲಿ ಯಾವ ಗುಂಡಿಯನ್ನು ಯಾವಾಗ ಒತ್ತಬೇಕೆಂದು ಸ್ಪಷ್ಟವಾಗಿ ಬರೆಯುವ ನಾನು, ಸಭೆಯ ಆಹ್ವಾನವೊಂದು ಬಂದಾಗ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ ಪೇಚಿಗೆ ಸಿಕ್ಕಿದ್ದು 2025ರ ಜೂನ್ ತಿಂಗಳಲ್ಲಿ.

ಆಹ್ವಾನ ಬಂದದ್ದು ಸೋಮವಾರ. ಸಭೆ ಇದ್ದದ್ದು ಜೂನ್ 11, ಬುಧವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆಗೆ. ಅದೇ ದಿನ ಗುಬ್ಬಿಯಲ್ಲಿ ನನ್ನ ಸೋದರತ್ತೆಯ ಮೊಮ್ಮಗಳ ನಾಮಕರಣವಿತ್ತು. ಅತ್ತೆಯ ಮನೆಯ ಪಂಕ್ತಿಯಿಂದ 3 ಗಂಟೆಯೊಳಗೆ ಎದ್ದು ಬಂದವರನ್ನು ನಾನು ಈವರೆಗೆ ಕಂಡಿಲ್ಲ. ಪರದೆಯ ಮೇಲೆ Yes, No, Maybe ಎಂಬ ಮೂರು ಗುಂಡಿಗಳಿದ್ದವು. ಮದುವೆಯ ಕರೆಯೋಲೆ ಕೊಟ್ಟವರ ಮುಖ ನೋಡಿ ‘ಬರುವುದಿಲ್ಲ’ ಎನ್ನದೆ ‘ನೋಡೋಣ, ಬಂದರೂ ಬಂದೆವು’ ಎನ್ನುವ ಊರಿನಲ್ಲಿ ಬೆಳೆದವನಾದ್ದರಿಂದ ನನ್ನ ಬೆರಳು ತಾನಾಗಿಯೇ ಮೂರನೆಯದರತ್ತ ಸರಿಯಿತು. ನಮ್ಮಲ್ಲಿ ‘ನೋಡೋಣ’ ಎಂದರೆ ‘ಇಲ್ಲ’ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು; ಡಬ್ಲಿನ್ನಿನವರಿಗೆ ಗೊತ್ತಿರಲಿಲ್ಲ. ಮರುದಿನ ಬಂದ ಕಾರ್ಯಸೂಚಿಯಲ್ಲಿ ಎರಡನೆಯ ವಿಷಯದ ಮುಂದೆ ‘ವಿವರಣೆ’ ಎಂದು ನನ್ನ ಹೆಸರೇ ಇತ್ತು.

ಆಗ ಗಾಬರಿಯಿಂದ No ಒತ್ತಿದೆ. ಬೇರೆ ಸಮಯ ಸೂಚಿಸಲು ಕ್ಯಾಲೆಂಡರಿನಲ್ಲೇ ಒಂದು ಅನುಕೂಲವಿದೆಯಾದರೂ ಅದರಲ್ಲಿ ಒಮ್ಮೆಗೆ ಒಂದೇ ಸಮಯವನ್ನು ಸೂಚಿಸಬಹುದು. ಅದು ಅವರಿಗೆ ಆಗದಿದ್ದರೆ ಅವರು ಇನ್ನೊಂದನ್ನು ಹೇಳಿ, ಅದು ನಮಗೆ ಆಗದೆ, ವಾರವೆಲ್ಲ ಹಾಗೆಯೇ ಕಳೆಯುತ್ತದೆ. ಆದ್ದರಿಂದ ಮೂರು ಸಮಯಗಳನ್ನು ಬರೆದು ಮೇಲ್ ಕಳಿಸುವುದೇ ಜಾಣತನವೆಂದು ನಿರ್ಧರಿಸಿದೆ. ನಿರ್ಧಾರ ಸರಿಯಾಗಿತ್ತು, ಬರವಣಿಗೆ ಹಾಗಿರಲಿಲ್ಲ. ಮೊದಲ ಹನ್ನೊಂದು ಸಾಲು ನಾಮಕರಣದ ಮಹತ್ವಕ್ಕೂ ಸೋದರತ್ತೆಯ ಸ್ಥಾನಮಾನಕ್ಕೂ ಮೀಸಲಾದವು. ಕೊನೆಯಲ್ಲಿ, ಊಟದೆಲೆಯ ಮೂಲೆಯ ಉಪ್ಪಿನಷ್ಟು ಜಾಗದಲ್ಲಿ, ‘ಗುರುವಾರ ಮಧ್ಯಾಹ್ನ, ಅಥವಾ ಶುಕ್ರವಾರ 3.30 IST, ಅಥವಾ ಮುಂದಿನ ವಾರ ಯಾವಾಗಲಾದರೂ’ ಎಂದು ಬರೆದೆ. ಈ ಮೂರರಲ್ಲಿ ಗಡಿಯಾರದ ಗುರುತಿದ್ದದ್ದು ಒಂದಕ್ಕೆ ಮಾತ್ರ. ಉಳಿದೆರಡು ಸಮಯಗಳಲ್ಲ, ಬರೀ ಸದಾಶಯಗಳು. ಸಹಜವಾಗಿಯೇ ಅವರು ನಡುವಿನದನ್ನು ಆರಿಸಿ, ‘ಶುಕ್ರವಾರ 3.30 IST ಬಹಳ ಅನುಕೂಲ’ ಎಂದು ಉತ್ತರಿಸಿದರು.

ಶುಕ್ರವಾರ, ಜೂನ್ 13ರ ಮಧ್ಯಾಹ್ನ 3.25ಕ್ಕೆ ನಾನು ಮೇಲೆ ಇಸ್ತ್ರಿಯ ಅಂಗಿಯನ್ನೂ ಕೆಳಗೆ ಪಂಚೆಯನ್ನೂ ಧರಿಸಿ ಕ್ಯಾಮೆರಾದ ಮುಂದೆ ಆಸೀನನಾದೆ. 3.30 ಆಯಿತು, 3.50 ಆಯಿತು, ಯಾರೂ ಬರಲಿಲ್ಲ. ಕಾಫಿ ತಂದ ನನ್ನ ಹೆಂಡತಿ, ಪರದೆಯಲ್ಲಿ ನನ್ನ ಮುಖವೊಂದೇ ಇರುವುದನ್ನು ಕಂಡು, “ಏನ್ರೀ, ಕನ್ನಡಿ ನೋಡ್ಕೊಳ್ಳೋಕೆ ಇಷ್ಟು ಖರ್ಚಾ?” ಎಂದಳು. 4 ಗಂಟೆಗೆ ಪರದೆ ಮುಚ್ಚಿ, ಪರದೇಶದವರ ಸಮಯಪಾಲನೆಯ ಬಗ್ಗೆ ಕೇಳಿದ್ದೆಲ್ಲ ಸುಳ್ಳೆಂದು ತೀರ್ಮಾನಿಸಿದೆ.

ರಾತ್ರಿ 8 ಗಂಟೆಗೆ, ಬಿ.ಎಚ್. ರಸ್ತೆಯ ಬದಿಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಾಗ ಫೋನ್ ಮೊಳಗಿತು. ಮರೆತು ಒತ್ತಿದ್ದು ವಿಡಿಯೋ ಕರೆಗೆ. ಡಬ್ಲಿನ್ನಿನ ಮೂವರು ಸಭ್ಯರು ನನ್ನನ್ನೂ ನನ್ನ ಹೆಲ್ಮೆಟ್ಟನ್ನೂ ಎರಡು ಕಟ್ಟು ಕೊತ್ತಂಬರಿಯನ್ನೂ ನಗದೆ ನೋಡಿದರು. ‘ನೀವೇ 3.30 IST ಎಂದಿದ್ದಿರಿ, ಈಗ ಸರಿಯಾಗಿ 3.30’ ಎಂದರು ಅವರಲ್ಲಿ ಹಿರಿಯರು.

IST ಎಂಬುದು ಭಾರತದ ಸ್ವಂತ ಆಸ್ತಿ ಎಂದು ನಂಬಿ ಅಷ್ಟು ವರ್ಷ ಕಳೆದಿದ್ದೆ. ಆದರೆ ಐರ್ಲೆಂಡಿನವರೂ ಬೇಸಿಗೆಯಲ್ಲಿ ತಮ್ಮ ಸಮಯವನ್ನು ಐರಿಶ್ ಸ್ಟ್ಯಾಂಡರ್ಡ್ ಟೈಮ್ ಎನ್ನುತ್ತಾರೆ, ಅದರ ಸಂಕ್ಷಿಪ್ತ ರೂಪವೂ IST. ಇಸ್ರೇಲಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಬಳಸುತ್ತಾರೆಂಬುದು ಆಮೇಲೆ ತಿಳಿಯಿತು. ಅಲ್ಲಿ ನನಗೆ ಗ್ರಾಹಕರಿಲ್ಲದಿರುವುದು ಪೂರ್ವಜನ್ಮದ ಪುಣ್ಯ. ಬೇಸಿಗೆಯಲ್ಲಿ ಡಬ್ಲಿನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಹಾಗಾಗಿ ಅವರ 3.30 ನಮ್ಮ ರಾತ್ರಿ 8. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಈ ಅಂತರ ಐದೂವರೆ ಗಂಟೆಯಾಗುತ್ತದೆ. ಇದನ್ನೆಲ್ಲ ನೆನಪಿಡುವ ಕಷ್ಟಕ್ಕಿಂತ, ಸಂಕ್ಷಿಪ್ತಾಕ್ಷರವನ್ನು ಬಿಟ್ಟು ಎರಡೂ ಊರಿನ ಹೆಸರನ್ನು, ಎರಡೂ ಊರಿನ ಗಂಟೆಯೊಂದಿಗೆ, ಬರೆದುಬಿಡುವುದು ಸುಲಭ.

ಜುಲೈ ತಿಂಗಳಲ್ಲಿ ಮತ್ತೊಂದು ಆಹ್ವಾನ ಬಂದಾಗ ನಾನು ಪಾಠ ಕಲಿತಿದ್ದೆ. ಮಗುವಿನ ಹೆಸರು, ಅತ್ತೆಯ ಹೆಸರು ಯಾವುದೂ ಇಲ್ಲದೆ ಹೀಗೆ ಬರೆದೆ:

“ಜುಲೈ 15, ಮಂಗಳವಾರದ ಸಭೆಗೆ ನಾನು ಬರಲಾಗುವುದಿಲ್ಲ, ಆ ಹೊತ್ತಿಗೆ ಮೊದಲೇ ಒಪ್ಪಿಕೊಂಡ ಕೆಲಸವಿದೆ. ಈ ಮೂರರಲ್ಲಿ ಯಾವುದಾದರೂ ಒಂದನ್ನು ದಯವಿಟ್ಟು ಆರಿಸಿ.
ಅ) ಬುಧವಾರ, ಜುಲೈ 16: ಡಬ್ಲಿನ್ 10.00ರಿಂದ 10.30, ತುಮಕೂರು 14.30ರಿಂದ 15.00.
ಆ) ಗುರುವಾರ, ಜುಲೈ 17: ಡಬ್ಲಿನ್ 14.30ರಿಂದ 15.00, ತುಮಕೂರು 19.00ರಿಂದ 19.30.
ಇ) ಶುಕ್ರವಾರ, ಜುಲೈ 18: ಡಬ್ಲಿನ್ 11.30ರಿಂದ 12.00, ತುಮಕೂರು 16.00ರಿಂದ 16.30.
ಸೋಮವಾರ ಡಬ್ಲಿನ್ 17.00ರೊಳಗೆ ‘ಅ’, ‘ಆ’ ಅಥವಾ ‘ಇ’ ಎಂದಷ್ಟೇ ತಿಳಿಸಿದರೆ ಸಾಕು. ಅಲ್ಲಿಯವರೆಗೆ ಮೂರೂ ಹೊತ್ತನ್ನು ನಿಮಗಾಗಿ ಕಾಯ್ದಿರಿಸಿದ್ದೇನೆ.”

ಮೂರು ದಿನಕ್ಕೂ ಒಂದೇ ಗಂಟೆ ಬರೆಯದೆ, ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಒಂದು ಊಟದ ನಂತರ ಎಂದು ಹಂಚಿದ್ದು ನನ್ನದೇ ಬುದ್ಧಿವಂತಿಕೆ. ದಿನವೂ ಬೆಳಿಗ್ಗೆ 10ಕ್ಕೆ ಬೇರೆ ಸಭೆಯಿರುವವರಿಗೆ ಮೂರು ದಿನದ 10 ಗಂಟೆಯನ್ನು ಕೊಟ್ಟರೆ, ಒಂದೇ ಸೀರೆಯನ್ನು ಮೂರು ಸಲ ಮಡಿಸಿ ತೋರಿಸಿದಂತಾಗುತ್ತದೆ. ಸೋಮವಾರ ಮಧ್ಯಾಹ್ನವೇ ಒಂದಕ್ಷರದ ಉತ್ತರ ಬಂತು: ‘ಆ’.

ಪತ್ರದಲ್ಲಿ ಒಂದೇ ಒಂದು ಸುಳ್ಳಿತ್ತು, ಅದು ಕೊನೆಯ ವಾಕ್ಯ. ಮೂರೂ ಹೊತ್ತನ್ನು ಕಾಯ್ದಿರಿಸಿದ್ದು ನನ್ನ ಮನಸ್ಸಿನಲ್ಲಿ ಮಾತ್ರ. ಕ್ಯಾಲೆಂಡರಿನಲ್ಲೂ ಇಲ್ಲ, ಮನೆಯವರ ಕಿವಿಗೂ ಬಿದ್ದಿಲ್ಲ. ಅದೇ ಗುರುವಾರ ಸಂಜೆ 7ಕ್ಕೆ ಪಕ್ಕದ ಮನೆಯವರ ಮಗನ ಆರತಕ್ಷತೆಗೆ ಇಬ್ಬರೂ ಬರುತ್ತೇವೆಂದು ಹೆಂಡತಿ ಭಾನುವಾರವೇ ಮಾತು ಕೊಟ್ಟಾಗಿತ್ತು. ನಾನೇ ಕೊಟ್ಟ ಸಮಯವನ್ನು ನಾನೇ ನಿರಾಕರಿಸುವ ಮುಖವಿಲ್ಲದೆ, ಛತ್ರದ ಹಿಂದಿನ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಯಂತ್ರದ ಸುರಕ್ಷತಾ ಕ್ರಮಗಳನ್ನು ಅರ್ಧ ಗಂಟೆ ಚರ್ಚಿಸಿದೆ. ಹಿನ್ನೆಲೆಯ ನಾದಸ್ವರ ಬಹಳ ಹಿತವಾಗಿತ್ತೆಂದು ಡಬ್ಲಿನ್ನಿನ ಹಿರಿಯರು ಮರುದಿನ ಬರೆದರು.

ಈಗ ಯಾರಿಗಾದರೂ ಮೂರು ಹೊತ್ತು ಕೊಟ್ಟ ಕೂಡಲೇ ಕ್ಯಾಲೆಂಡರಿನಲ್ಲಿ ಮೂರನ್ನೂ ಹಿಡಿದಿಡುತ್ತೇನೆ. ಅಡುಗೆಮನೆಯ ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದಲೂ ಗುರುತು ಹಾಕುತ್ತೇನೆ. ಒಂದು ನಿಶ್ಚಯವಾದೊಡನೆ ಉಳಿದೆರಡನ್ನು ಅಳಿಸುತ್ತೇನೆ. ಅಭ್ಯಾಸ ಎಷ್ಟು ಕುದುರಿತೆಂದರೆ, ಮೊನ್ನೆ ಗುಬ್ಬಿಯಿಂದ ಸೋದರತ್ತೆ ಫೋನ್ ಮಾಡಿ ಭಾನುವಾರ ಊಟಕ್ಕೆ ಕರೆದಾಗಲೂ ಅದೇ ಧಾಟಿಯಲ್ಲಿ, “ಭಾನುವಾರ ಆಗಲ್ಲ ಅತ್ತೆ. ಸೋಮವಾರ ರಾತ್ರಿ ಎಂಟು, ಬುಧವಾರ ಮಧ್ಯಾಹ್ನ ಒಂದು, ಶನಿವಾರ ಮಧ್ಯಾಹ್ನ ಒಂದು, ಇದರಲ್ಲಿ ಯಾವುದಾಗುತ್ತೆ ಹೇಳಿ” ಎಂದೆ.

ಅತ್ತ ಕಡೆ ಸ್ವಲ್ಪ ಹೊತ್ತು ಮೌನ.

“ಮೂರಕ್ಕೂ ಬಾರಪ್ಪ, ನಾನೇನ್ ಬೇಡ ಅಂತೀನಾ?” ಎಂದರು ಅತ್ತೆ.