ಕತ್ತರಿಸಿದ ಮೇಲೆ ವಾಪಸ್ ಇಲ್ಲ

"ಗಾಯ ಮುಚ್ಚಿದ ಮೇಲೆ ಥ್ರಾಂಬಿನ್ ಮತ್ತೆ ಪ್ರೋಥ್ರಾಂಬಿನ್ ಆಗಿ ರಕ್ತಕ್ಕೆ ಮರಳುತ್ತದೆ."

ಇಲ್ಲ, ಮರಳುವುದಿಲ್ಲ. ಥ್ರಾಂಬಿನ್ ರಕ್ತ ಹೆಪ್ಪುಗಟ್ಟಿಸುವ ಕಿಣ್ವ, ಪ್ರೋಥ್ರಾಂಬಿನ್ ಅದರ ಇನ್ನೂ ಕೆಲಸಕ್ಕಿಳಿಯದ ಮೂಲರೂಪ. ಪ್ರೋಥ್ರಾಂಬಿನ್ ಸರಪಳಿಯನ್ನು ಫ್ಯಾಕ್ಟರ್ ಟೆನ್-ಎ ಎಂಬ ಇನ್ನೊಂದು ಕಿಣ್ವ ಎರಡು ಕಡೆ ಕತ್ತರಿಸುತ್ತದೆ, 271 ಮತ್ತು 320ನೇ ಸ್ಥಾನದಲ್ಲಿರುವ ಅರ್ಜಿನಿನ್ ಎಂಬ ಅಮೈನೋ ಆಮ್ಲ ದಾಟಿದ ಕೂಡಲೇ. 320ರ ಹತ್ತಿರ ಕತ್ತರಿಸಿದಾಗ ಸಿಗುವ ಹೊಸ ತುದಿ ಒಳಗೆ ಹೋಗಿ ಕೂರುತ್ತದೆ. ಕಿಣ್ವ ಕೆಲಸಕ್ಕೆ ಇಳಿಯುವುದು ಆಗಲೇ. 271ರಲ್ಲಿ ಕತ್ತರಿಸಿದಾಗ ಸರಪಳಿಯ ಮುಂಭಾಗದ ತುಂಡು ಬೇರೆಯಾಗಿ ತೇಲಿಹೋಗುತ್ತದೆ. ಅದನ್ನು ಹಿಡಿದು ತಂದು ಮತ್ತೆ ಜೋಡಿಸುವ ಕಿಣ್ವ ರಕ್ತದಲ್ಲಿ ಇಲ್ಲವೇ ಇಲ್ಲ. ಎಷ್ಟು ಥ್ರಾಂಬಿನ್ ಹುಟ್ಟಿದೆ ಎಂದು ತಿಳಿಯಲು ಲ್ಯಾಬ್‌ಗಳು ಆ ತುಂಡನ್ನೇ ಅಳೆಯುತ್ತವೆ. ಕೆಲವು ಕಿಣ್ವಗಳನ್ನು ಫಾಸ್ಫೇಟ್ ಅಂಟಿಸಿ ಚಾಲೂ ಮಾಡಿ, ಬೇಡವಾದಾಗ ಅದನ್ನು ಕಿತ್ತುಹಾಕುವ ಲೆಕ್ಕ ಬೇರೆ, ಇದು ಬೇರೆ.

ಹಾಗಾದರೆ ಥ್ರಾಂಬಿನ್ ನಿಲ್ಲುವುದು ಹೇಗೆ? ಮುಖ್ಯವಾಗಿ ರಕ್ತದಲ್ಲೇ ಇರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನ್‌ನಿಂದ. ಅದನ್ನೂ ಕತ್ತರಿಸಲು ಹೋಗಿ, ಅರ್ಧ ಕೆಲಸದಲ್ಲೇ ಥ್ರಾಂಬಿನ್ ಇಲಿಬೋನಿಗೆ ಬಿದ್ದಂತೆ ಅಂಟಿಕೊಂಡುಬಿಡುತ್ತದೆ. ಆ ಜೋಡಿಯನ್ನು ಲಿವರ್ ತೆಗೆದುಹಾಕುತ್ತದೆ. ಅಂದರೆ ಹಳೆಯದು ನಾಶ, ಬೇಕಾದರೆ ಹೊಸದನ್ನೇ ಮಾಡಬೇಕು.

ಇದು ಸುಮ್ನೆ ಪುಸ್ತಕದ ವಿಷಯ ಅಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಔಷಧಿ ನೋಡಿ, ಹೆಪಾರಿನ್ ಮತ್ತು ವಾರ್ಫರಿನ್. ಹೆಪಾರಿನ್ ಆಂಟಿಥ್ರಾಂಬಿನ್ನಿನ ವೇಗವನ್ನು ಸುಮಾರು ಸಾವಿರ ಪಟ್ಟು ಹೆಚ್ಚಿಸುತ್ತದೆ, ಹಾಗಾಗಿ ಕೂಡಲೇ ಕೆಲಸ ಮಾಡುತ್ತದೆ. ವಾರ್ಫರಿನ್ ತಡೆಯುವುದು ಲಿವರ್‌ನಲ್ಲಿ ಪ್ರೋಥ್ರಾಂಬಿನ್, ಫ್ಯಾಕ್ಟರ್ ಸೆವೆನ್ ಮುಂತಾದ ಪ್ರೋಟೀನ್‌ಗಳು ಹೊಸದಾಗಿ ಸರಿಯಾಗಿ ತಯಾರಾಗುವುದನ್ನು ಮಾತ್ರ. ಆಗಲೇ ರಕ್ತದಲ್ಲಿರುವ ಪ್ರೋಥ್ರಾಂಬಿನ್ ಅರ್ಧಕ್ಕೆ ಇಳಿಯಲು ಸುಮಾರು 60 ಗಂಟೆ ಬೇಕು. ಫ್ಯಾಕ್ಟರ್ ಸೆವೆನ್ ಮಾತ್ರ ಕೆಲವೇ ಗಂಟೆಗಳಲ್ಲಿ ಇಳಿಯುವುದರಿಂದ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ಹೇಳುವ ಐಎನ್‌ಆರ್ ಪರೀಕ್ಷೆಯ ಅಂಕಿ ಬೇಗ ಏರಿ, ಔಷಧಿ ಪೂರ್ತಿ ಹತ್ತಿದೆ ಎಂದು ಮೋಸ ಮಾಡುತ್ತದೆ. ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟಿದವರಿಗೆ ವಾರ್ಫರಿನ್ ಜೊತೆ ಕನಿಷ್ಠ 5 ದಿನ ಹೆಪಾರಿನ್ ಕೊಡುವುದು ಇದಕ್ಕೇ ಅಲ್ವಾ?